ಫ್ಯಾನ್ ಕೆಳಗಿಟ್ಟ ಥರ್ಮಾಮೀಟರ್ ಯಾಕೆ ಇಳಿಯಲಿಲ್ಲ?

ಪುತ್ತೂರಿನ ಅಪ್ಪ

ಮಗಳು ಏಳನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ಅವಳೇ ಆರಿಸಿಕೊಂಡ ವಿಷಯ: ಫ್ಯಾನ್ ಹಾಕಿದರೆ ಕೋಣೆ ಎಷ್ಟು ಡಿಗ್ರಿ ತಂಪಾಗುತ್ತದೆ? ನಮ್ಮಲ್ಲಿ ಈಗ ಸೆಕೆ ಎಷ್ಟೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ತೇವಾಂಶವನ್ನೂ ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿತ್ತು. ಅದನ್ನು ಫ್ಯಾನಿನ ಕೆಳಗೆ ಮಂಚದ ಮೇಲೆ ಇಟ್ಟಳು. ಮಧ್ಯಾಹ್ನ ಎರಡು ಗಂಟೆಗೆ 33.1 ಡಿಗ್ರಿ, ತೇವಾಂಶ 70. ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ನಾವೆಲ್ಲ ಹೊರಗೆ ಬಂದೆವು. ಮೂರು ಗಂಟೆಗೆ ನೋಡಿದರೆ 33.5!

ಇಳಿಯುವುದು ಬಿಡಿ, ಏರಿದೆ. ಆದರೆ ಅದೇ ಮಂಚದ ಮೇಲೆ ನಾನು ಮಲಗಿದರೆ ಹಾಯೆನಿಸುತ್ತದೆ. ಯಂತ್ರ ಕೆಟ್ಟಿದೆಯೋ ಅಥವಾ ನಮಗೆ ತಂಪು ಅನಿಸುವುದೇ ಭ್ರಮೆಯೋ? "ಅಪ್ಪಾ, ಪ್ರಾಜೆಕ್ಟ್ ಫೇಲ್ ಆಯ್ತು" ಅಂತ ಕೂತಿದ್ದಾಳೆ. ಅವಳಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳಿಕೊಡುತ್ತೀರಾ?

ಕಿರಣ್ ತುಮಕೂರು

ಯಂತ್ರದ ತಪ್ಪಲ್ಲ ಸರ್, ಇಟ್ಟ ರೀತಿಯ ತಪ್ಪು. ಬಿಸಿ ಗಾಳಿ ಯಾವಾಗಲೂ ಮೇಲೆ, ತಾರಸಿ ಹತ್ತಿರ ಇರುತ್ತೆ. ಫ್ಯಾನ್ ಅದನ್ನು ಕೆಳಗೆ ತಳ್ಳುತ್ತೆ. ಹಾಗಾಗಿ ಮೊದಲು ಸ್ವಲ್ಪ ಏರುತ್ತೆ. ಆಮೇಲೆ ಗಾಳಿ ವೇಗವಾಗಿ ಓಡಾಡಿದಷ್ಟೂ ತಣ್ಣಗಾಗುತ್ತೆ, ವೇಗ ಹೆಚ್ಚಾದರೆ ಶಾಖ ಕಮ್ಮಿ ಆಗಲೇಬೇಕು. ಇನ್ನೂ ಎರಡು ಗಂಟೆ ಬಿಟ್ಟು ನೋಡಿ, ಇಳಿಯುತ್ತೆ. ನಾವು ಸಂಜೆ ಮನೆಗೆ ಬರೋ ಹೊತ್ತಿಗೆ ಬೆಡ್‌ರೂಮ್ ತಂಪಾಗಿರಲಿ ಅಂತ ಮಧ್ಯಾಹ್ನದಿಂದಲೇ ಫ್ಯಾನ್ ಹಾಕಿಟ್ಟು ಹೋಗ್ತೀವಿ.

ವಸುಧಾ

ಪುತ್ತೂರಿನವರೇ, ಪ್ರಾಜೆಕ್ಟ್ ಫೇಲ್ ಆಗಿಲ್ಲ ಅಂತ ಮೊದಲು ಮಗಳಿಗೆ ಹೇಳಿ. ಅವಳ ಕೈಗೆ ಸಿಕ್ಕಿರೋದೇ ಸರಿಯಾದ ಉತ್ತರ. ನಾನು ಕಾರ್ಖಾನೆಗಳಲ್ಲಿ ಕೆಲಸಗಾರರು ನಿಲ್ಲುವ ಜಾಗಕ್ಕೆ ಗಾಳಿ ಸಾಲುತ್ತದೆಯೇ ಎಂದು ಲೆಕ್ಕ ಹಾಕುವ ಕೆಲಸದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಅಲ್ಲೂ ಎಲ್ಲರೂ ಮೊದಲು ಕೇಳೋದು ಇದನ್ನೇ.

ಫ್ಯಾನಿನ ಒಳಗೆ ಶಾಖವನ್ನು ಹೊರಗೆ ಸಾಗಿಸುವ ಯಾವ ವ್ಯವಸ್ಥೆಯೂ ಇಲ್ಲ. ಎಸಿಗೆ ಹೊರಗೊಂದು ಡಬ್ಬ ಇರುತ್ತದಲ್ಲ, ಕೋಣೆಯ ಶಾಖ ಅಲ್ಲಿಂದ ಹೊರಬೀಳುತ್ತದೆ. ಫ್ಯಾನಿಗೆ ಅಂಥದ್ದೇನೂ ಇಲ್ಲ. ಹಳೇ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಕರೆಂಟ್ ತಿನ್ನುತ್ತದೆ. ಆ 75 ವಾಟೂ ಮೋಟರಿನ ಬಿಸಿಯಾಗಿ, ಗಾಳಿಯ ಓಟವಾಗಿ, ಆ ಓಟ ಗೋಡೆಗೆ ಬಡಿದು ನಿಂತಾಗ ಮತ್ತೆ ಬಿಸಿಯಾಗಿ ಅದೇ ಕೋಣೆಯಲ್ಲೇ ಉಳಿಯುತ್ತದೆ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿರುವ ಗಾಳಿಯ ತೂಕ ನಲವತ್ತು ಕಿಲೋದ ಆಸುಪಾಸು. ಗೋಡೆ, ನೆಲ, ಮಂಚ ಏನೂ ಹೀರಿಕೊಳ್ಳದೆ ಇದ್ದಿದ್ದರೆ ಒಂದು ಗಂಟೆಯಲ್ಲಿ ಏಳು ಡಿಗ್ರಿ ಏರಬೇಕಿತ್ತು. ಅವು ಹೀರಿಕೊಳ್ಳುವುದರಿಂದ ಏರಿಕೆ ಇಷ್ಟು ಕಡಿಮೆ. ಇನ್ನೊಂದು ಮಾತು: ಎರಡರಿಂದ ಮೂರು ಗಂಟೆಯ ಒಳಗೆ ಹೊರಗಿನ ಬಿಸಿಲೂ ಕೋಣೆಯನ್ನು ಕಾಯಿಸಿರಬಹುದು. ಆ 0.4 ಪೂರ್ತಿ ಫ್ಯಾನಿನದ್ದೇ ಎಂದು ಬರೆಯಬೇಡಿ. ನಾಳೆ ಅದೇ ಹೊತ್ತಿಗೆ ಫ್ಯಾನ್ ಹಾಕದೆ ಅಳೆದು ಹೋಲಿಸಲಿ.

ಕಿರಣ್ ಅವರೇ, ತಾರಸಿಯ ಬಿಸಿ ಗಾಳಿ ಕೆಳಗೆ ಬರುತ್ತದೆ ಅಂದಿದ್ದು ಸರಿ. ಮೇಲಿನ ಮಹಡಿಯಲ್ಲಿ ಸಂಜೆ ಹೊತ್ತು ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಓಡುವ ಗಾಳಿ ಓಡುವ ಕಾರಣಕ್ಕೇ ತಣ್ಣಗಾಗುತ್ತದೆ ಅನ್ನೋದು ಸರಿಯಲ್ಲ. ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಬಿಲ್ಲು ಏರುತ್ತದೆ, ಕೋಣೆ ತಣ್ಣಗಾಗಲ್ಲ. ನೀವು ಸಂಜೆ ಬಂದಾಗ ಆಗುವ ತಂಪು, ಒಳಗೆ ಕಾಲಿಟ್ಟು ಫ್ಯಾನಿನ ಕೆಳಗೆ ನಿಂತ ಗಳಿಗೆಯಿಂದ ಶುರುವಾಗಿದ್ದು.

ಇನ್ನು ಹಾಯೆನಿಸುವುದು ಭ್ರಮೆಯಲ್ಲ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು ನೂರು ವಾಟ್ ಶಾಖ ಹುಟ್ಟಿಸುತ್ತಲೇ ಇರುತ್ತದೆ. ಅಷ್ಟನ್ನೂ ಚರ್ಮದಿಂದ, ಸ್ವಲ್ಪ ಉಸಿರಿನಿಂದ, ಹೊರಗೆ ಹಾಕಲೇಬೇಕು. ಗಾಳಿ ಅಲ್ಲಾಡದೆ ನಿಂತಾಗ ಮೈಗೆ ಅಂಟಿಕೊಂಡಂತೆ ಕೆಲವು ಮಿಲಿಮೀಟರ್ ದಪ್ಪದ ಒಂದು ಗಾಳಿಯ ಪದರ ಕೂತಿರುತ್ತದೆ. ಅದು ನಮ್ಮ ಬಿಸಿಯಿಂದಲೇ ಕಾದಿರುತ್ತದೆ, ನಮ್ಮ ಬೆವರಿನ ಆವಿಯಿಂದಲೇ ತುಂಬಿರುತ್ತದೆ. ಹೊಸ ಬೆವರಿಗೆ ಅಲ್ಲಿ ಜಾಗವಿಲ್ಲ. ಫ್ಯಾನಿನ ಗಾಳಿ ಆ ಪದರವನ್ನು ತೆಳ್ಳಗೆ ಮಾಡಿ, ಒಯ್ದು, ಜಾಗ ಖಾಲಿ ಮಾಡುತ್ತದೆ. ಥರ್ಮಾಮೀಟರ್ ಬೆವರುವುದಿಲ್ಲ, ಅದರೊಳಗೆ ಶಾಖವೂ ಹುಟ್ಟುವುದಿಲ್ಲ. ಅದು ಆಗಲೇ ಕೋಣೆಯಷ್ಟೇ ಬಿಸಿ ಇರುವುದರಿಂದ ಎಷ್ಟು ಗಾಳಿ ಬೀಸಿದರೂ ಕಳೆದುಕೊಳ್ಳಲು ಏನೂ ಇಲ್ಲ.

ರಮೇಶ, ಬಸವನಗುಡಿ

ಒಳ್ಳೆ ಚರ್ಚೆ. ನಮ್ಮ ಮನೇಲೂ ಇದೇ ಸಮಸ್ಯೆ. ಹಾಲಿನ ಫ್ಯಾನ್ ಐದರಲ್ಲಿಟ್ಟರೂ ಗಾಳಿನೇ ಬರಲ್ಲ, ಮೂರರಲ್ಲಿ ತಿರುಗಿದ ಹಾಗೆ ತಿರುಗುತ್ತೆ. ಬೆವರು ಒಣಗೋದೇ ಇಲ್ಲ. ಹನ್ನೆರಡು ವರ್ಷದ ಫ್ಯಾನು. ಬೇರೆ ತಗೋಬೇಕಾ?

ವೈರಿಂಗ್ ಮಂಜು

ರಮೇಶ್ ಸರ್, ನಿಮ್ದು ಬೇರೆ ವಿಷಯ. ಕೆಪಾಸಿಟರ್ ವೀಕ್ ಆಗಿದೆ ಅನ್ಸುತ್ತೆ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ದು ಇರುತ್ತೆ, ಹಳೇದರ ಮೇಲೆ ಬರೆದಿರೋದನ್ನೇ ನೋಡಿ ತಗೊಳ್ಳಿ. ಹೊಸ ಫ್ಯಾನಿಗೆ ದುಡ್ಡು ಹಾಕೋ ಮುಂಚೆ ಅದನ್ನ ಬದಲಾಯಿಸಿ ನೋಡಿ. ಮೇನ್ ಆಫ್ ಮಾಡಿಸಿಯೇ ಕೈ ಹಾಕ್ಬೇಕು, ನಿಮಗೆ ಅಭ್ಯಾಸ ಇಲ್ಲದಿದ್ರೆ ಬೇಡ. ರೆಕ್ಕೆ ಮೇಲಿನ ಧೂಳೂ ಒರೆಸಿ. ಇನ್ನೊಂದು, ರಿಮೋಟ್ ಇರೋ ಹೊಸ ಫ್ಯಾನ್‌ಗಳಲ್ಲಿ ಕೆಲವಕ್ಕೆ ಉಲ್ಟಾ ತಿರುಗೋ ಬಟನ್ ಇರುತ್ತೆ. ಮಕ್ಕಳು ಒತ್ತಿಬಿಟ್ರೆ ಗಾಳಿ ಮೇಲಕ್ಕೆ ಹೋಗುತ್ತೆ, ಫ್ಯಾನ್ ಕೆಟ್ಟಿದೆ ಅಂತ ಫೋನ್ ಬರುತ್ತೆ.

ಪುತ್ತೂರಿನ ಅಪ್ಪ

ವಸುಧಾ ಮೇಡಂ, ಬಹಳ ಉಪಕಾರ. ಆದರೆ ನೀವು ಎರಡು ಕೆಲಸ ಹೇಳಿದಿರಿ: ಬಿಸಿ ಒಯ್ಯುವುದು, ಆವಿ ಒಯ್ಯುವುದು. ನಮ್ಮಲ್ಲಿ ಯಾವುದು ಹೆಚ್ಚು ನಡೆಯುವುದು ಅಂತ ಮಗಳು ಕೇಳ್ತಾ ಇದ್ದಾಳೆ. ಅವಳಿಗೇ ನೋಡುವ ದಾರಿ ಏನಾದರೂ ಉಂಟಾ?

ವಸುಧಾ

ಉಂಟು. ಒಂದು ಕೈಗೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಾಕಿ ಮಣಿಕಟ್ಟಿನ ಹತ್ತಿರ ಸಡಿಲವಾಗಿ ಕಟ್ಟಿ. ಇನ್ನೊಂದು ಕೈ ಬರಿದಾಗಿರಲಿ. ಎರಡನ್ನೂ ಹತ್ತು ನಿಮಿಷ ಫ್ಯಾನಿನ ಕೆಳಗೆ ಹಿಡಿಯಲಿ. ಕವರಿನ ಕೈಯಿಂದ ಬಿಸಿ ಸ್ವಲ್ಪ ಮಟ್ಟಿಗೆ ಹೊರಗೆ ದಾಟಬಹುದು, ಆವಿ ದಾಟಲಾರದು. ನಿಮ್ಮ 33 ಡಿಗ್ರಿಯ ಕೋಣೆಯಲ್ಲಿ ಕವರಿನ ಕೈಗೆ ಹೆಚ್ಚೇನೂ ತಂಪಾಗಲ್ಲ, ಒಳಗೆ ಪಸೆ ಕೂಡುತ್ತದೆ. ಬರಿಗೈ ಹಾಯಾಗಿರುತ್ತದೆ.

ಕಾರಣ ಸರಳ. ಸೆಕೆಯಲ್ಲಿ ಚರ್ಮ 34, 35 ಡಿಗ್ರಿ ಇರುತ್ತದೆ. ಕೋಣೆ 33. ನಡುವೆ ಒಂದೆರಡೇ ಡಿಗ್ರಿ ಅಂತರ. ಅಷ್ಟು ಕಡಿಮೆ ಅಂತರಕ್ಕೆ ಗಾಳಿ ನೇರವಾಗಿ ಒಯ್ಯುವ ಶಾಖ ತುಂಬ ಕಡಿಮೆ, ಜೋರು ಫ್ಯಾನಿಗೂ ನೂರರಲ್ಲಿ ಇಪ್ಪತ್ತು ಇಪ್ಪತ್ತೈದು ವಾಟ್. ಉಳಿದದ್ದರಲ್ಲಿ ಬಹುಪಾಲು ಬೆವರಿನ ಕೆಲಸವೇ. ಅದೇ ಬೆಂಗಳೂರಿನಲ್ಲಿ 27 ಡಿಗ್ರಿಯ ರಾತ್ರಿ ಆದರೆ ಅಂತರ ಆರೇಳು ಡಿಗ್ರಿ. ಅಲ್ಲಿ ಬೆವರದೇ ತಂಪಾಗುತ್ತದೆ, ಬೆಳಗಿನ ಜಾವ ಹೊದಿಕೆ ಹುಡುಕಬೇಕಾಗುತ್ತದೆ.

ಬೆವರಿನ ಲೆಕ್ಕ ನನಗೆ ಇವತ್ತಿಗೂ ಬೆರಗು. ಒಂದು ಗ್ರಾಂ ಬೆವರು ಆವಿಯಾಗಿ ಹೋಗಲು ಸುಮಾರು 2,400 ಜೂಲ್ ಶಾಖ ಬೇಕು, ಅದರಲ್ಲಿ ಹೆಚ್ಚಿನದನ್ನು ಚರ್ಮದಿಂದಲೇ ಕಿತ್ತುಕೊಳ್ಳುತ್ತದೆ. ನೂರು ವಾಟ್ ಅಷ್ಟೂ ಬೆವರಿನಿಂದಲೇ ಹೋಗಬೇಕು ಅಂದರೂ ಗಂಟೆಗೆ 150 ಗ್ರಾಂ ಸಾಕು, ಒಂದು ಸಣ್ಣ ಲೋಟ. ಆದರೆ ಲೆಕ್ಕಕ್ಕೆ ಬರುವುದು ಮೈಮೇಲೆ ಆವಿಯಾದ ಬೆವರು ಮಾತ್ರ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಹನಿ ಮೈಗೆ ಏನೂ ಮಾಡಲಿಲ್ಲ.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶ ಇದೆ. ಫ್ಯಾನ್ ಇರಲಿ ಬಿಡಲಿ, ಸುಮ್ಮನೆ ಕೂತ ಮೈ ಅದೇ ನೂರು ವಾಟನ್ನು ಹೊರಹಾಕುತ್ತದೆ. ಒಳಗಿನ 37 ಡಿಗ್ರಿ ಹಾಗೇ ಇರುತ್ತದೆ. ಹಾಗಿದ್ದರೆ ಬದಲಾಗುವುದೇನು? ಅದೇ ಕೆಲಸಕ್ಕೆ ಚರ್ಮ ಎಷ್ಟು ಒದ್ದೆಯಾಗಬೇಕು ಅನ್ನೋದು. ನಿಮ್ಮ ಮಗಳ ಅಳತೆಯನ್ನೇ ಇಟ್ಟುಕೊಂಡು ಅಂದಾಜು ಹಾಕಿದೆ. ಗಾಳಿ ನಿಂತಾಗ ಮೈಯ ಅರ್ಧಕ್ಕೆ ಹತ್ತಿರದಷ್ಟು ಭಾಗ ಒದ್ದೆಯಾಗಿದ್ದರೆ ಮಾತ್ರ ಅಷ್ಟು ಆವಿ ಹೋಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ಗಾಳಿ ಬಿದ್ದರೆ ಆರರಲ್ಲಿ ಒಂದು ಭಾಗ ಒದ್ದೆಯಾದರೆ ಸಾಕು. ಬಟ್ಟೆ ದಪ್ಪವಿದ್ದರೆ ಎರಡೂ ಹೆಚ್ಚುತ್ತವೆ. ನೀವು ಸೆಕೆ ಅನ್ನೋದು ಈ ಅಂಟಂಟು ಒದ್ದೆಗೇ. ಫ್ಯಾನ್ ತೆಗೆದುಹಾಕೋದು ಅದನ್ನು.

ಶಾಂತಾ, ಕಲಬುರಗಿ

ಅಕ್ಕಾರ, ಇದೆಲ್ಲಾ ಓದಿದೆ. ಆದ್ರ ನಮ್ಮ ಕಡೆ ಹಿಂಗಿಲ್ಲ ನೋಡ್ರಿ. ನಮ್ಮವ್ವಗ 74 ವರ್ಷ. ಮಧ್ಯಾಹ್ನ ಫ್ಯಾನ್ ಹಚ್ಚಿದ್ರ "ಬಂದ್ ಮಾಡವಾ, ಬೆಂಕಿ ಉಗುಳ್ಳಿಕತ್ತದ" ಅಂತಾಳ. ವಯಸ್ಸಾದವ್ರು, ಗೊತ್ತಾಗಂಗಿಲ್ಲ ಅಂತ ನಾ ಹಠ ಮಾಡಿ ಹಚ್ಚೇ ಇಡ್ತಿದ್ದೆ. ನಿನ್ನಿ ಮಧ್ಯಾಹ್ನ ಮನಿಯೊಳಗ 42 ಇತ್ತು, ತೇವಾಂಶ 15. ಮೈ ಮುಟ್ಟಿದ್ರ ಒಣಾ ಒಣಾ, ಬೆವರs ಇಲ್ಲ. ಕೂಲರ್ ಅದ, ಆದ್ರ ನೀರು ದಿನಾ ಬರಂಗಿಲ್ಲ ಅಂತ ರಾತ್ರಿಗಷ್ಟ ಹಚ್ತೀವಿ. ಅವ್ವ ಹೇಳೂದು ಖರೇ ಏನ್ರಿ?

ಕಿರಣ್ ತುಮಕೂರು

ಕಿಟಕಿ ತೆಗೆದಿಟ್ಟು ಫ್ಯಾನ್ ಹಾಕಿ ಶಾಂತಾ ಅವರೇ, ಹೊರಗಿನ ಗಾಳಿ ಬಂದರೆ ಸರಿ ಹೋಗುತ್ತೆ.

ವಸುಧಾ

ಕಿರಣ್, ಮಧ್ಯಾಹ್ನ ಬೇಡ. ಹೊರಗೆ ಒಳಗಿಗಿಂತ ಬಿಸಿ ಇರುವಾಗ ಕಿಟಕಿ ಮುಚ್ಚಿ ಪರದೆ ಎಳೆಯೋದೇ ಸರಿ. ಹೊರಗಿನ ಗಾಳಿ ಒಳಗಿನದ್ದಕ್ಕಿಂತ ತಣ್ಣಗಾದ ಮೇಲೆ ತೆಗೆಯಲಿ.

ಶಾಂತಾ ಅವರೇ, ನಿಮ್ಮ ಅವ್ವ ಹೇಳೋದು ಖರೇ. ಇಷ್ಟು ದಿನ ಹಠ ಮಾಡಿದ್ದೀನಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸುಮಾರು ಜನ ಹಾಗೇ ಮಾಡ್ತಾರೆ.

ಪುತ್ತೂರಿನಲ್ಲಿ ಚರ್ಮ ಗಾಳಿಗಿಂತ ಬಿಸಿ. ನಿಮ್ಮಲ್ಲಿ ಗಾಳಿ ಚರ್ಮಕ್ಕಿಂತ ಏಳು ಡಿಗ್ರಿ ಬಿಸಿ. ಹಾಗಾಗಿ ಮೈಗೆ ಅಂಟಿದ ಆ ಪದರ ನಿಮ್ಮಲ್ಲಿ ಉಲ್ಟಾ ಕೆಲಸ ಮಾಡುತ್ತದೆ, ಹೊರಗಿನ ಝಳ ನೇರ ತಾಗದಂತೆ ತಡೆಯುತ್ತದೆ. ಫ್ಯಾನ್ ಹಚ್ಚಿದರೆ ಆ ರಕ್ಷಣೆ ಹೋಯಿತು. ಸಾಧಾರಣ ಮೈಕಟ್ಟಿಗೆ ನನ್ನ ಅಂದಾಜು: ಗಾಳಿ ನಿಂತಾಗ ಬಿಸಿ ಗಾಳಿಯಿಂದ ಮೈಗೆ ಬರುವ ಶಾಖ 40 ವಾಟ್, ಫ್ಯಾನಿನ ಕೆಳಗೆ 90 ವಾಟ್. ಹೆಚ್ಚಿಗೆ ಬಂದ ಐವತ್ತು ವಾಟನ್ನು ಹೊರಗೆ ಹಾಕಲು ಗಂಟೆಗೆ ಇನ್ನೊಂದು 75 ಗ್ರಾಂ ಬೆವರು ಬೇಕು. ಇಪ್ಪತ್ತೈದರ ಹುಡುಗನಿಗೆ ಅದು ಏನೂ ಅಲ್ಲ. ವಯಸ್ಸಾದಂತೆ ಬೆವರುವ ಶಕ್ತಿ ಇಳಿಯುತ್ತದೆ, ನಿಮ್ಮ ಅವ್ವನ ಮೈಗೆ ಅದು ಕಷ್ಟ.

ಹಾಗಾದರೆ ಗಾಳಿ ಬೆವರನ್ನು ಬೇಗ ಒಣಗಿಸುವುದಿಲ್ಲವೇ ಅಂತ ಕೇಳಬಹುದು. ನಿಮ್ಮಲ್ಲಿ ಅದು ಗಾಳಿ ಇಲ್ಲದೆಯೂ ಒಣಗುತ್ತದೆ. ತೇವಾಂಶ 15 ಇದ್ದಾಗ ಚರ್ಮದ ಮೇಲೆ ಬಂದ ಬೆವರು ಕಣ್ಣಿಗೆ ಕಾಣುವ ಮೊದಲೇ ಹಾರಿಹೋಗುತ್ತದೆ. ರವಿಕೆಯ ಮೇಲೆ ಸಂಜೆ ಬಿಳೀ ಉಪ್ಪಿನ ಗುರುತು ಕಂಡರೆ ಅದೇ ಸಾಕ್ಷಿ. ಒಣಗಿಸುವುದರಲ್ಲಿ ಫ್ಯಾನಿಗೆ ಮಾಡಲು ಉಳಿದ ಕೆಲಸವೇ ಇಲ್ಲ, ಬಿಸಿ ತಂದು ಸುರಿಯುವುದೊಂದೇ ಉಳಿದದ್ದು.

ಮನೆಯಲ್ಲಿ ತಿಳಿಯಲು ನಾನು ಹೇಳೋದು ಇಷ್ಟು. ಕೈಯ ಹಿಂಭಾಗದಿಂದ ಅವರ ಕುತ್ತಿಗೆ, ಬೆನ್ನು ಮುಟ್ಟಿ ನೋಡಿ. ಪಸೆ ಇದ್ದರೆ ಫ್ಯಾನಿಗೆ ಕೆಲಸ ಇದೆ. ಗಾಳಿ ಮೈಗಿಂತ ಬಿಸಿ ಇದ್ದು, ಚರ್ಮ ಒಣಗಿದ್ದರೆ ಬಂದ್ ಮಾಡಿ. ಅಥವಾ ಪಸೆಯನ್ನು ನೀವೇ ಒದಗಿಸಿ. ತೆಳು ಹತ್ತಿ ಬಟ್ಟೆ ಒದ್ದೆ ಮಾಡಿ ಕೈ, ತೋಳು, ಕುತ್ತಿಗೆ ಒರೆಸುತ್ತಾ ಇರಿ, ಆಮೇಲೆ ಫ್ಯಾನ್ ಹಚ್ಚಿ. ಅವ್ವನ ಮೈ ಕೊಡಲಾಗದ ಬೆವರಿನ ಬದಲು ನಿಮ್ಮ ನೀರು ಆವಿಯಾಗುತ್ತದೆ. ಕೂಲರಿನ ಹುಲ್ಲಿನಲ್ಲಿ ನಡೆಯುವುದೂ ಇದೇ, ಅಲ್ಲಿ ಗಾಳಿ ತಣ್ಣಗಾಗಿ ಬರುತ್ತದೆ, ಇಲ್ಲಿ ಚರ್ಮವೇ ತಣ್ಣಗಾಗುತ್ತದೆ. ದಿನಕ್ಕೆ ಒಂದೆರಡು ತಂಬಿಗೆ ನೀರು ಸಾಕು.

ವಾರ್ಡ್ ಸಿಸ್ಟರ್, ರಾಯಚೂರು

ವಸುಧಾ ಅವರ ಕೊನೆಯ ಮಾತಿಗೆ ನನ್ನದೂ ಒಪ್ಪಿಗೆ. ಬಿಸಿಲಿಗೆ ಬಿದ್ದು ಬಂದವರಿಗೆ ನಾವೂ ಮೈ ಒದ್ದೆ ಮಾಡಿ ಗಾಳಿ ಬೀಸುತ್ತೇವೆ. ಆದರೆ ಒಂದನ್ನು ಗಟ್ಟಿಯಾಗಿ ಹೇಳಬೇಕು. ವಯಸ್ಸಾದವರ ಮೈ ಕಾದು, ಮಾತು ತೊದಲಿದರೆ, ಗೊಂದಲಕ್ಕೆ ಬಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ಮೈಗೆ ನೀರು ಹಾಕುತ್ತಾ ಗಾಳಿ ಬೀಸಿ.

ಇನ್ನು, ಮುಟ್ಟಿ ನೋಡುವ ಪರೀಕ್ಷೆಯನ್ನು ಎಲ್ಲರೂ ಸರಿಯಾಗಿ ಮಾಡುತ್ತಾರೆ ಅಂತ ನನಗೆ ಧೈರ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 40 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಫ್ಯಾನ್ ಬಳಸಿ ಅನ್ನುತ್ತದೆ. ಹಳ್ಳಿಯಿಂದ ಬರುವವರಿಗೆ ನಾನು ಆ ಒಂದೇ ಸಂಖ್ಯೆ ಹೇಳುತ್ತೇನೆ.

ವಸುಧಾ

ಸಿಸ್ಟರ್, ನಿಮ್ಮ ಜಾಗದಲ್ಲಿದ್ದರೆ ನಾನೂ ಒಂದೇ ಸಂಖ್ಯೆ ಹೇಳುತ್ತಿದ್ದೆನೇನೋ. ಆದರೆ ಆ ಸಂಖ್ಯೆ ತೇವಾಂಶವನ್ನು ನೋಡುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 40 ಡಿಗ್ರಿ ಮತ್ತು 50ರ ತೇವಾಂಶದಲ್ಲಿ ಕೂತವರಿಗೆ ಫ್ಯಾನ್ ಉಪಕಾರವನ್ನೇ ಮಾಡಿತು. 47 ಡಿಗ್ರಿಯ ಒಣ ಬಿಸಿಯಲ್ಲಿ ಅಪಕಾರ ಮಾಡಿತು. ಗಾಳಿಯಲ್ಲಿ ತೇವ ಇದ್ದಾಗ ಬೆವರು ಒಣಗದೆ ನಿಂತಿರುತ್ತದೆ, ಅದಕ್ಕೆ.

ವಾರ್ಡ್ ಸಿಸ್ಟರ್, ರಾಯಚೂರು

ಅದರಲ್ಲಿ ಕೂತವರು ಆರೋಗ್ಯವಂತ ಯುವಕರು ತಾನೆ? ನನ್ನ ವಾರ್ಡಿಗೆ ಬರುವವರು ಎಪ್ಪತ್ತು ದಾಟಿದವರು, ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆ ನುಂಗುವವರು. ಅವರಿಗೂ ಅದೇ ಗಡಿ ಅನ್ವಯಿಸುತ್ತದೆ ಅಂತ ನಾನು ಹೇಳಲಾರೆ.

ವಸುಧಾ

ಹೌದು, ಯುವಕರೇ. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ವಯಸ್ಸಾದವರಿಗೆ ಗಡಿ ಇನ್ನೂ ಕೆಳಗೇ ಇರಬೇಕು.

ಶಾಂತಾ, ಕಲಬುರಗಿ

ಇವತ್ತು ಒಂದೂವರೆಗೆ ಮನಿಯೊಳಗ 41 ಇತ್ತು. ಕಿಟಕಿ ಮುಚ್ಚಿ, ಫ್ಯಾನ್ ಬಂದ್ ಇಟ್ಟು, ಹಳೀ ಹತ್ತಿ ಸೀರಿ ತುಂಡು ತೊಯಿಸಿ ಅವ್ವನ ಕೈ ಕುತ್ತಿಗಿ ಒರಸಿದೆ. ಆಮ್ಯಾಲ ಫ್ಯಾನ್ ಎರಡರಾಗ ಹಚ್ಚಿದೆ. ಈ ಸಲ ಬಂದ್ ಮಾಡು ಅನ್ನಲಿಲ್ಲ. ಹದಿನೈದು ನಿಮಿಷಕ್ಕ ಸೀರಿ ಪೂರ್ತಿ ಒಣಗಿತ್ತು, ಮತ್ತ ಒರಸಬೇಕಾತು. ಎರಡು ತಾಸು ಹಂಗs ಮಾಡಿದೆ, ನಡುವ ಮಜ್ಜಿಗಿ ಕೊಟ್ಟೆ. ಅವ್ವ ನಿದ್ದಿ ಮಾಡಿದ್ಲು.

ಕಿರಣ್ ತುಮಕೂರು

ನಾನೂ ಎರಡು ದಿನ ಖಾಲಿ ಬೆಡ್‌ರೂಮಲ್ಲಿ ಅಳೆದೆ. ಫ್ಯಾನ್ ಹಾಕಿಟ್ಟ ದಿನ 31.8, ಹಾಕದ ದಿನ 31.6. ಇನ್ಮೇಲೆ ಆಫ್ ಮಾಡಿಯೇ ಹೋಗ್ತೀವಿ. ಆದರೆ ತಾರಸಿ ಬಿಸಿ ವಿಷಯದಲ್ಲಿ ನನ್ನ ಮಾತು ನಿಜ, ಮೇಲಿನ ಮಹಡಿಯವರು ಯಾರಾದರೂ ಅಳೆದು ಹೇಳಿ.

ಪುತ್ತೂರಿನ ಅಪ್ಪ

ಕವರಿನ ಪ್ರಯೋಗ ಮಾಡಿದಳು, ವಸುಧಾ ಮೇಡಂ ಹೇಳಿದ ಹಾಗೇ ಆಯಿತು. ಆಮೇಲೆ ಅವಳೇ ಇನ್ನೊಂದು ಮಾಡಿದಳು. ಪಕ್ಕದ ಮನೆಯಿಂದ ಗಾಜಿನ ಥರ್ಮಾಮೀಟರ್ ತಂದು, ಅದರ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಫ್ಯಾನಿನ ಕೆಳಗೆ ನೇತುಹಾಕಿದಳು. ಕೋಣೆ 33.2. ಒದ್ದೆ ಬಟ್ಟೆಯದ್ದು ಇಳಿದು ಇಳಿದು 28.5ಕ್ಕೆ ಬಂದು ನಿಂತಿತು. ಬಟ್ಟೆ ಬಿಚ್ಚಿ ಒರೆಸಿ ನೇತುಹಾಕಿದರೆ ಮತ್ತೆ 33. ಅವಳಿಗೆ ಆದ ಖುಷಿ ನೋಡಬೇಕಿತ್ತು.

ಈಗ ಅವಳ ಹೊಸ ಪ್ರಶ್ನೆ: ಒದ್ದೆ ಬಟ್ಟೆ 28.5ಕ್ಕೆ ಇಳಿಯುವುದಾದರೆ ಬೆವರಿದ ನನ್ನ ಚರ್ಮ ಯಾಕೆ ಅಷ್ಟಕ್ಕೆ ಇಳಿಯುವುದಿಲ್ಲ?

ವಸುಧಾ

ಬಟ್ಟೆಯ ಒಳಗೆ ರಕ್ತ ಓಡಾಡುವುದಿಲ್ಲ ಅಂತ ಹೇಳಿ. ಅವಳ ಚರ್ಮದಿಂದ ಆವಿ ಎಷ್ಟು ಶಾಖ ಕಿತ್ತುಕೊಂಡರೂ ಒಳಗಿನಿಂದ 37 ಡಿಗ್ರಿಯ ರಕ್ತ ಮತ್ತೆ ತಂದು ತುಂಬುತ್ತಲೇ ಇರುತ್ತದೆ. ಆ 28.5 ಅನ್ನು ಪ್ರಾಜೆಕ್ಟಿನಲ್ಲಿ ದೊಡ್ಡದಾಗಿ ಬರೆಯಲಿ. ನಿಮ್ಮ ಗಾಳಿಯಲ್ಲಿ ನೀರು ಆವಿಯಾಗಿ ಎಷ್ಟರವರೆಗೆ ತಣ್ಣಗಾಗಬಹುದು ಅನ್ನೋದಕ್ಕೆ ಅದೇ ಕೊನೆಯ ಮೆಟ್ಟಿಲು. ಶಾಂತಾ ಅವರ ಮನೆಯಲ್ಲಿ 42 ಮತ್ತು 15 ಇದ್ದ ದಿನ ಅದೇ ಬಟ್ಟೆ ಸುಮಾರು 22ಕ್ಕೆ ಇಳಿಯುತ್ತಿತ್ತು. ಕಲಬುರಗಿಯಲ್ಲಿ ಕೂಲರ್ ನಡೆಯುತ್ತದೆ, ಪುತ್ತೂರಿನಲ್ಲಿ ನಡೆಯುವುದಿಲ್ಲ ಅನ್ನುವುದೂ ಇದಕ್ಕೇ. ಶಾಂತಾ ಅವರೇ, ಗಾಜಿನ ಥರ್ಮಾಮೀಟರ್ ಸಿಕ್ಕರೆ ಒಂದು ದಿನ ಅಳೆದು ಇಲ್ಲಿ ಹಾಕುತ್ತೀರಾ? ಜ್ವರ ನೋಡುವುದಲ್ಲ, ಕೋಣೆಯ ಬಿಸಿ ನೋಡುವ ತರಹದ್ದು.

ಶಾಂತಾ, ಕಲಬುರಗಿ

ನಮ್ಮ ಓಣಿಯ ಹೈಸ್ಕೂಲ್ ಲ್ಯಾಬಿನಾಗ ಕೇಳಿ ತರ್ತೀನ್ರಿ. ಸೋಮವಾರ ಬರೀತೀನಿ.